ಜಂಟಿ ವಿಡಿಯೋದಲ್ಲಿ ಅತಿಥಿ ಯಾರೂ ಅಲ್ಲ

ಶೂಟಿಂಗಿಗೆ ಬೆಳಕು, ಧ್ವನಿ ಹೇಗಿರಬೇಕು ಎಂದು ಗೆಳತಿಯ ಜೊತೆ ಮಾಡಿದ ವಿಡಿಯೋದಲ್ಲಿ ಪ್ರಶ್ನೆಯೆಲ್ಲ ನನ್ನದು, ಉತ್ತರವೆಲ್ಲ ಅವಳದು, ಥೇಟ್ ಸಂದರ್ಶನ. ಸಾಲುಗಳನ್ನು ಸಮನಾಗಿ ಹಂಚಿದರೂ ಆ ಸಂದರ್ಶನದ ಧಾಟಿ ಹೋಗಲಿಲ್ಲ. ಸರಿಹೋದದ್ದು ಹೊಣೆ ಹಂಚಿದ ಮೇಲೆ: ಬೆಳಕಿನ ಭಾಗ ಪೂರ್ತಿ ಅವಳದು, ಧ್ವನಿಯದು ನನ್ನದು. ತನ್ನ ಭಾಗದಲ್ಲಿ ವಿಷಯ ಎತ್ತುವವಳೂ ಅವಳೇ, ತೀರ್ಮಾನ ಹೇಳುವವಳೂ ಅವಳೇ; ನಾನು ದೀಪ ಹಿಡಿಯುವ ಕೈಯಾಳು. ನನ್ನ ಭಾಗದಲ್ಲಿ ಅದಲುಬದಲು.

"ಈಗ ನೀನು ಹೇಳು" ಎಂದು ಮಾತು ದಾಟಿಸುವುದನ್ನು ಬಿಟ್ಟೆವು. ಅದರಲ್ಲೇ ಒಬ್ಬರು ಯಜಮಾನರಾಗಿಬಿಡುತ್ತಾರೆ. ಬದಲಿಗೆ ಅವಳ ಕೊನೆಯ ಸಾಲು ಒಂದು ತೊಡಕನ್ನು ಬಿಟ್ಟುಹೋಗುತ್ತದೆ: "ಕಿಟಕಿ ಪಕ್ಕ ಕೂತರೆ ಬೆಳಕೇನೋ ಚೆನ್ನ, ಆದರೆ ರಸ್ತೆಯ ಗದ್ದಲವೂ ಬರುತ್ತೆ." ನಾನು ಮೈಕನ್ನು ಬಾಯಿಯ ಹತ್ತಿರ ತಂದು ಅಲ್ಲಿಂದಲೇ ಶುರುಮಾಡುತ್ತೇನೆ. ಅವಳ ಕೊನೆಯ ಸಾಲು, ನನ್ನ ಮೊದಲ ಸಾಲು, ಈ ಎರಡು ಮಾತ್ರ ಬಾಯಿಪಾಠ, ಉಳಿದದ್ದಕ್ಕೆ ಬರೀ ಟಿಪ್ಪಣಿ. ಶೂಟಿಂಗಿಗೆ ಮೊದಲು ಒಬ್ಬರ ಸಾಲುಗಳನ್ನು ಮುಚ್ಚಿ ಓದುತ್ತೇವೆ. ವಿಷಯ ಆಗಲೂ ಪೂರ್ತಿಯಾಗಿ ಅರ್ಥವಾದರೆ ಅವರು ಅಲ್ಲಿ ಬರೀ ಅತಿಥಿ ಎಂದೇ ಲೆಕ್ಕ; ಹಂಚಿಕೆ ಮತ್ತೆ ಮೊದಲಿನಿಂದ.