ಪಂಪ್ ನಿಲ್ಲಿಸಿ ಕೇಳುವ ಪ್ರಶ್ನೆಗಳು: ಪೊರೆ ಸಾಗಣೆ ಪಾಠದಲ್ಲಿ ನನ್ನ ಅನುಭವ

"ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಂತರೆ ಏನಾಗುತ್ತದೆ?" ಪೊರೆ ಸಾಗಣೆಯ ಪ್ರೆಸೆಂಟೇಷನ್ ಯಾವುದೇ ಇರಲಿ, ಕೊನೆಯ ಸ್ಲೈಡಿನಲ್ಲಿ ಇಂಥದ್ದೊಂದು ಪ್ರಶ್ನೆ ಇದ್ದೇ ಇರುತ್ತದೆ. ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ: "ಸಾಗಣೆ ನಿಲ್ಲುತ್ತದೆ, ಕೋಶ ಸಾಯುತ್ತದೆ." ಪೂರ್ತಿ ತಪ್ಪು ಅನ್ನುವಂತಿಲ್ಲ. ಆದರೆ ಬರೆದವರಿಗೆ ವಿಷಯ ಎಷ್ಟು ಗೊತ್ತು ಅನ್ನುವುದು ಅದರಿಂದ ಸ್ವಲ್ಪವೂ ತಿಳಿಯುವುದಿಲ್ಲ, ಯಾಕೆಂದರೆ ಯಾವ ಸಾಗಣೆ, ಎಷ್ಟು ಹೊತ್ತಿಗೆ, ಪೊರೆಯ ಯಾವ ಕಡೆ ಅನ್ನುವುದನ್ನು ಪ್ರಶ್ನೆಯೇ ಕೇಳಿಲ್ಲ ಅಲ್ವಾ? ಹಾಗಾಗಿ ನಾನು ಹತ್ತು ಪ್ರಶ್ನೆ ಬರೆಯುವುದನ್ನು ಬಿಟ್ಟು, ಒಂದೇ ಕೋಶದ ಚಿತ್ರ ಇಟ್ಟುಕೊಂಡು ಅದರ ಸುತ್ತಲೇ ಪ್ರಶ್ನೆ ಕೇಳುತ್ತೇನೆ.

ಆ ಕೋಶ ಸಣ್ಣ ಕರುಳಿನ ಒಳಪದರದ್ದು. ಸ್ಲೈಡಿನಲ್ಲಿ ಇರುವುದು ಇಷ್ಟೇ. ಆಹಾರ ಇರುವ ಕಡೆಯ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಅನ್ನುವ ಸಾಗಣೆ ಪ್ರೋಟೀನ್ ಇದೆ, ಅದು 2 ಸೋಡಿಯಂ ಅಯಾನುಗಳ ಜೊತೆ 1 ಗ್ಲುಕೋಸನ್ನು ಒಳಗೆ ತರುತ್ತದೆ. ಅದೇ ಕಡೆ ಗ್ಲುಟ್5 ಇದೆ, ಅದು ಫ್ರಕ್ಟೋಸಿಗೆ. ರಕ್ತದ ಕಡೆಯ ಪೊರೆಯಲ್ಲಿ ಗ್ಲುಕೋಸನ್ನು ದಾಟಿಸುವ ಗ್ಲುಟ್2 ಮತ್ತು ಸೋಡಿಯಂ-ಪೊಟ್ಯಾಸಿಯಂ ಪಂಪ್ ಇವೆ. ಪಂಪ್ ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಬಾಣಗಳನ್ನು ಬೇಕೆಂದೇ ಹಾಕುವುದಿಲ್ಲ. ಬಾಣ ಹಾಕಿಬಿಟ್ಟರೆ ಮಕ್ಕಳು ಬಾಣ ಓದುತ್ತಾರೆ, ಒಳಗೂ ಹೊರಗೂ ಇರುವ ವ್ಯತ್ಯಾಸವನ್ನು, ಅಂದರೆ ಇಳಿಜಾರನ್ನು ಲೆಕ್ಕ ಹಾಕುವುದಿಲ್ಲ.

ಈಗ ಔಬೈನ್ ಹಾಕುತ್ತೇವೆ. ಇದು ಪಂಪಿನ ಹೊರಮುಖಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುವ ವಸ್ತು. ಮೊದಲ ಪ್ರಶ್ನೆಯನ್ನು ನಾನು ಹೀಗೆ ಬರೆಯುತ್ತೇನೆ: "ಪಂಪ್ ಪೂರ್ತಿ ನಿಲ್ಲುವಷ್ಟು ಔಬೈನನ್ನು ರಕ್ತದ ಕಡೆ ಹಾಕಲಾಗಿದೆ. ಎಸ್‌ಜಿಎಲ್‌ಟಿ1 ಮೂಲಕ ಗ್ಲುಕೋಸ್ ಒಳಬರುವ ವೇಗ ಮೊದಲ ಕೆಲವು ಸೆಕೆಂಡುಗಳಲ್ಲಿ ಹೇಗಿರುತ್ತದೆ? ಅರ್ಧ ಗಂಟೆಯ ನಂತರ ಹೇಗಿರುತ್ತದೆ? ಎರಡಕ್ಕೂ ಕಾರಣ ಬರೆಯಿರಿ." ಒಂದೇ ಅಳತೆ, ಎರಡು ಹೊತ್ತು. ಸಮಯ ಸೇರಿಸಿದ ಕೂಡಲೇ "ನಿಲ್ಲುತ್ತದೆ" ಅನ್ನುವ ಉತ್ತರಕ್ಕೆ ಜಾಗ ಇರುವುದಿಲ್ಲ. ಪಂಪ್ ನಿಂತ ಕ್ಷಣದಲ್ಲಿ ಒಳಗಿನ ಸೋಡಿಯಂ ಇನ್ನೂ ಕಡಿಮೆಯೇ ಇದೆ, ಪೊರೆಯ ವೋಲ್ಟೇಜೂ ಹೆಚ್ಚುಕಮ್ಮಿ ಹಾಗೇ ಇದೆ, ಯಾಕೆಂದರೆ ಅದರ ಬಹುಪಾಲು ಬರುವುದು ಪೊಟ್ಯಾಸಿಯಂ ಸೋರಿಕೆಯಿಂದ. ಪಂಪ್ ನೇರವಾಗಿ ಕೊಡುವ ಕೆಲವೇ ಮಿಲಿವೋಲ್ಟ್ ಮಾತ್ರ ತಕ್ಷಣ ಹೋಗುತ್ತದೆ. ಹಾಗಾಗಿ ಗ್ಲುಕೋಸ್ ಬರುತ್ತಲೇ ಇರುತ್ತದೆ. ನಿಧಾನಕ್ಕೆ ಸೋಡಿಯಂ ಒಳಗೆ ತುಂಬುತ್ತಾ ಬಂದ ಹಾಗೆ ವೇಗ ಇಳಿಯುತ್ತದೆ.

ಗ್ಲುಕೋಸನ್ನು ಒಳಗೆ ತಳ್ಳುವ ಬಲ ಎಷ್ಟು ಇಳಿಯುತ್ತದೆ ಅನ್ನುವುದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. ಸುಲಭಕ್ಕೆ ದುಂಡು ಸಂಖ್ಯೆ ತೆಗೆದುಕೊಳ್ಳೋಣ. ಹೊರಗೆ ಸೋಡಿಯಂ 140 ಮಿಲಿಮೋಲಾರ್, ಒಳಗೆ 14, ಅಂದರೆ ಹತ್ತು ಪಟ್ಟು ವ್ಯತ್ಯಾಸ. ಎರಡು ಸೋಡಿಯಂ ಬರುವುದರಿಂದ ಹತ್ತರ ವರ್ಗ, 100. ಇನ್ನು ವೋಲ್ಟೇಜ್, ಅದು ಒಳಗೆ ಋಣ. ಸುಮಾರು 60 ಮಿಲಿವೋಲ್ಟ್ ಅಂದರೆ ಒಂದು ಧನ ಅಯಾನಿಗೆ ಹತ್ತು ಪಟ್ಟಿನಷ್ಟು ಬಲ. ಎರಡು ಅಯಾನಿಗೆ ಮತ್ತೆ 100. ಗುಣಿಸಿದರೆ 10,000. ಅಂದರೆ ಬೇರೆ ಕಡೆ ಸೋರಿಕೆ ಇಲ್ಲದಿದ್ದರೆ ಎಸ್‌ಜಿಎಲ್‌ಟಿ1 ಒಳಗಿನ ಗ್ಲುಕೋಸನ್ನು ಹೊರಗಿನದರ 10,000 ಪಟ್ಟಿನವರೆಗೂ ಏರಿಸಬಲ್ಲದು. ಇದು ಲೆಕ್ಕದ ಗರಿಷ್ಠ ಮಿತಿ ಅಷ್ಟೇ, ಗ್ಲುಟ್2 ಹಿಂದಿನಿಂದ ಗ್ಲುಕೋಸ್ ಬಿಡುತ್ತಲೇ ಇರುವುದರಿಂದ ಕೋಶದಲ್ಲಿ ಅಷ್ಟೆಲ್ಲ ತುಂಬುವುದಿಲ್ಲ.

ಪಂಪ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಸೋಡಿಯಂ 47ಕ್ಕೆ ಏರಿದೆ, ವೋಲ್ಟೇಜ್ 30 ಮಿಲಿವೋಲ್ಟಿಗೆ ಇಳಿದಿದೆ ಅಂದುಕೊಳ್ಳಿ. ಸೋಡಿಯಂ ವ್ಯತ್ಯಾಸ ಸುಮಾರು ಮೂರು ಪಟ್ಟು, ವರ್ಗ 9. ವೋಲ್ಟೇಜಿನ ಪಾಲು ಸುಮಾರು 10. ಎರಡೂ ಸೇರಿ ಬರೀ 90. ಹತ್ತು ಸಾವಿರದಿಂದ ತೊಂಬತ್ತಕ್ಕೆ! ಸೊನ್ನೆಗೆ ಬಂದಿಲ್ಲ ಅನ್ನುವುದನ್ನೂ, ಇಷ್ಟು ಕಡಿದಾಗಿ ಬಿದ್ದಿದೆ ಅನ್ನುವುದನ್ನೂ ಒಟ್ಟಿಗೆ ನೋಡಿದಾಗ ತರಗತಿಯಲ್ಲಿ ಮಾತು ಶುರುವಾಗುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಘಟ್ಟ ಇದೇ.

ಆದರೆ ಒಂದು ತೊಡಕು ಉಳಿಯುತ್ತದೆ. "ವೇಗ ಕಡಿಮೆಯಾಗುತ್ತದೆ" ಅಂತ ಸರಿಯಾಗಿ ಬರೆದವರಲ್ಲಿ ಎಷ್ಟೋ ಜನ ಕೊಡುವ ಕಾರಣ ತಪ್ಪಾಗಿರುತ್ತದೆ. ಒಂದು ಉತ್ತರ ಪತ್ರಿಕೆಯಲ್ಲಿ ಹೀಗಿತ್ತು: "ಔಬೈನ್ ಎಟಿಪಿ ಬಳಕೆಯನ್ನು ತಡೆಯುತ್ತದೆ, ಎಸ್‌ಜಿಎಲ್‌ಟಿ1ಗೆ ಎಟಿಪಿ ಸಿಗುವುದಿಲ್ಲ, ಆದ್ದರಿಂದ ಗ್ಲುಕೋಸ್ ಬರುವುದಿಲ್ಲ." ಎಸ್‌ಜಿಎಲ್‌ಟಿ1 ಎಟಿಪಿಯನ್ನು ಮುಟ್ಟುವುದೇ ಇಲ್ಲ. ಮೊದಲ ಪ್ರಶ್ನೆಯಿಂದ ಈ ಎರಡು ಗುಂಪನ್ನು ಬೇರೆ ಮಾಡಲು ಆಗುವುದಿಲ್ಲ, ಇಬ್ಬರೂ "ಕಡಿಮೆ" ಅಂತಲೇ ಬರೆಯುತ್ತಾರೆ. ಹಾಗಾಗಿ ಎರಡನೆಯ ಪ್ರಶ್ನೆಯಲ್ಲಿ ಕೋಶವನ್ನೇ ತೆಗೆದುಬಿಡುತ್ತೇನೆ.

ಕರುಳಿನ ಆಹಾರದ ಕಡೆಯ ಪೊರೆಯನ್ನಷ್ಟೇ ಬಿಡಿಸಿ ಸಣ್ಣ ಸಣ್ಣ ಚೀಲಗಳನ್ನು, ಅಂದರೆ ವೆಸಿಕಲ್‌ಗಳನ್ನು ಮಾಡುವ ಪ್ರಯೋಗ ಪ್ರಸಿದ್ಧ. ಅವುಗಳೊಳಗೆ ಎಟಿಪಿ ಇಲ್ಲ, ಸೋಡಿಯಂ ಇಲ್ಲ. ಅವನ್ನು 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಮತ್ತು ಗುರುತು ಹಾಕಿದ ಗ್ಲುಕೋಸ್ ಇರುವ ದ್ರಾವಣಕ್ಕೆ ಬಿಡುತ್ತೇವೆ. ಪ್ರಶ್ನೆ: "ಒಳಗಿನ ಗ್ಲುಕೋಸ್ ಹೊತ್ತು ಕಳೆದಂತೆ ಹೇಗೆ ಬದಲಾಗುತ್ತದೆ, ಗೆರೆ ಎಳೆಯಿರಿ. ಔಬೈನ್ ಸೇರಿಸಿದರೆ ಗೆರೆ ಹೇಗೆ ಬದಲಾಗುತ್ತದೆ?"

ಎಟಿಪಿ ಬೇಕು ಅಂತ ನಂಬಿದವರು ಗೆರೆಯನ್ನು ತಳದಲ್ಲೇ ಚಪ್ಪಟೆಯಾಗಿ ಎಳೆಯುತ್ತಾರೆ. ನಿಜವಾಗಿ ಆಗುವುದು ಬೇರೆ. ಗ್ಲುಕೋಸ್ ಸರಸರನೆ ಒಳಗೆ ಏರುತ್ತದೆ, ಹೊರಗಿನ ಮಟ್ಟವನ್ನೂ ದಾಟಿ ಮೇಲೆ ಹೋಗುತ್ತದೆ, ಆಮೇಲೆ ಇಳಿದು ಹೊರಗಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈ ಗುಡ್ಡಕ್ಕೆ ಓವರ್‌ಶೂಟ್ ಅನ್ನುತ್ತಾರೆ. ಒಬ್ಬ ಹುಡುಗ ಕೇಳಿದ: "ಸರ್, ಎಟಿಪಿ ಇಲ್ಲದೆ ಗ್ಲುಕೋಸ್ ಹೇಗೆ ಮೇಲಕ್ಕೆ ಹತ್ತುತ್ತೆ?" ನಾನು ಉತ್ತರ ಹೇಳಲಿಲ್ಲ, "ಗುಡ್ಡ ಯಾಕೆ ಇಳಿಯಿತು ಹೇಳು" ಅಂದೆ. ಸೋಡಿಯಂ ಕೂಡ ಒಳಗೆ ಬಂದು ಎರಡೂ ಕಡೆ ಸಮನಾಯಿತು, ತಳ್ಳುವ ಬಲ ಮುಗಿಯಿತು ಅಂತ ಅವನೇ ಬಿಡಿಸಿದ. ಇಳಿಜಾರೇ ಇಂಧನ ಅನ್ನುವುದು ಅವನಿಗೆ ಹತ್ತಿದ್ದು ಗೆರೆಯ ಇಳಿಯುವ ಭಾಗದಿಂದ, ಏರುವ ಭಾಗದಿಂದ ಅಲ್ಲ. ಅದಕ್ಕೇ ಈಗ ಗೆರೆಯ ಎರಡೂ ಭಾಗಕ್ಕೆ ಬೇರೆ ಬೇರೆ ಅಂಕ ಇಟ್ಟಿದ್ದೇನೆ. ಔಬೈನ್ ಸೇರಿಸಿದರೆ ಗೆರೆ ಬದಲಾಗುವುದೇ ಇಲ್ಲ, ಪಂಪ್ ಇರುವುದು ರಕ್ತದ ಕಡೆಯ ಪೊರೆಯಲ್ಲಿ, ಈ ಚೀಲದಲ್ಲಿ ಅದು ಇಲ್ಲ. ಮೊದಲಿನಿಂದಲೇ ಒಳಗೂ ಹೊರಗೂ ಸಮ ಸೋಡಿಯಂ ಇಟ್ಟರೆ ಮಾತ್ರ ಗುಡ್ಡ ಮಾಯವಾಗುತ್ತದೆ.

"ಬದಲಾಗುವುದಿಲ್ಲ" ಅನ್ನುವುದು ಸರಿ ಉತ್ತರವಾಗುವ ಪ್ರಶ್ನೆ ಪ್ರತಿ ಸಲವೂ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಏನೋ ಒಂದನ್ನು ಕೆಡಿಸಿದ್ದೇವೆ ಅಂದ ಮೇಲೆ ಎಲ್ಲವೂ ಕೆಡಲೇಬೇಕು ಅಂತ ಮಕ್ಕಳು ಸುಮ್ನೆ ಊಹಿಸುತ್ತಾರೆ. ಪೂರ್ತಿ ಅಂಗಾಂಶದ ಹಾಳೆಯನ್ನು ಎರಡು ದ್ರಾವಣಗಳ ನಡುವೆ ಕಟ್ಟಿ, ಔಬೈನನ್ನು ಆಹಾರದ ಕಡೆ ಮಾತ್ರ ಹಾಕಿದರೆ? ಅದು ಪಂಪಿನ ಹತ್ತಿರ ಹೋಗುವ ದಾರಿ ಇಲ್ಲ, ಏನೂ ಆಗುವುದಿಲ್ಲ. ರಕ್ತದ ಕಡೆ ಹಾಕಿದಾಗಲೂ ಗ್ಲುಟ್5 ಮೂಲಕ ಫ್ರಕ್ಟೋಸ್ ಬರುವುದಕ್ಕೆ ನೇರ ಅಡ್ಡಿ ಇಲ್ಲ, ಅದಕ್ಕೆ ಸೋಡಿಯಂ ಬೇಡ. ಗ್ಲುಟ್2 ಕೂಡ ಕೆಲಸ ಮಾಡುತ್ತಲೇ ಇರುತ್ತದೆ, ಒಳಗಿನ ಗ್ಲುಕೋಸ್ ರಕ್ತಕ್ಕಿಂತ ಕಡಿಮೆಯಾದರೆ ಅದರ ದಿಕ್ಕೇ ತಿರುಗಬಹುದು.

ಪ್ರಶ್ನೆ ಬರೆಯುವಾಗ ಒಂದು ಎಚ್ಚರಿಕೆ. "ಇಲಿಯ ಕರುಳು" ಅಂತ ಬರೆದು ಸ್ವಲ್ಪವೇ ಔಬೈನ್ ಹಾಕಿದ್ದೇವೆ ಅಂದರೆ ಪ್ರಶ್ನೆಯೇ ಕೆಟ್ಟುಹೋಗುತ್ತದೆ. ಇಲಿಯ ಕರುಳಿನಲ್ಲಿರುವ ಪಂಪಿನ ರೂಪಕ್ಕೆ ಔಬೈನ್ ಸುಲಭಕ್ಕೆ ಅಂಟುವುದಿಲ್ಲ, ಅದನ್ನು ನಿಲ್ಲಿಸಲು ಮನುಷ್ಯರ ಪಂಪಿಗಿಂತ ಬಹಳ ಜಾಸ್ತಿ ಬೇಕು. ಓದಿಕೊಂಡು ಬಂದ ವಿದ್ಯಾರ್ಥಿ "ಏನೂ ಆಗುವುದಿಲ್ಲ" ಅಂತ ಬರೆದರೆ ಅವಳದ್ದೇ ಸರಿ. "ಪಂಪ್ ಪೂರ್ತಿ ನಿಲ್ಲುವಷ್ಟು" ಅನ್ನುವ ಮಾತನ್ನು ನಾನು ಬಿಡದೆ ಸೇರಿಸುವುದು ಇದಕ್ಕೇ.

ಕೊನೆಯ ಪ್ರಶ್ನೆ ಕಷ್ಟದ್ದು: ಕೋಶದ ಗಾತ್ರ ಏನಾಗುತ್ತದೆ? ಇಲ್ಲಿ ಒಳ್ಳೆಯ ವಿದ್ಯಾರ್ಥಿಗಳೂ ಸಿಕ್ಕಿಬೀಳುತ್ತಾರೆ. "ಸೋಡಿಯಂ ಒಳಗೆ ಬಂತು, ನೀರು ಬಂತು, ಉಬ್ಬಿತು" ಅಂತ ಬರೆದರೆ ನಾನು ಅರ್ಧ ಅಂಕವಷ್ಟೇ ಕೊಡುತ್ತೇನೆ. ಸೋಡಿಯಂ ಬಂದಷ್ಟೇ ಪೊಟ್ಯಾಸಿಯಂ ಹೊರಗೆ ಹೋಗಿದ್ದರೆ ಒಟ್ಟು ಲೆಕ್ಕ ಹಾಗೇ ಉಳಿಯುತ್ತಿತ್ತು, ನೀರು ಯಾಕೆ ಬರಬೇಕು? ನಡುವೆ ಬಿಟ್ಟುಹೋದ ಕೊಂಡಿ ಕ್ಲೋರೈಡ್. ಒಳಗಿನ ಋಣ ವೋಲ್ಟೇಜ್ ಕ್ಲೋರೈಡನ್ನು ಹೊರಗೆ ತಡೆದಿತ್ತು. ಅದು ಕುಗ್ಗಿದ ಹಾಗೆ ಕ್ಲೋರೈಡ್ ಒಳಗೆ ಬರುತ್ತದೆ, ಅದರ ಜೊತೆ ಹೊರಗೆ ಹೋದ ಪೊಟ್ಯಾಸಿಯಂಗಿಂತ ಜಾಸ್ತಿ ಸೋಡಿಯಂ ಒಳಗೆ ಉಳಿಯುತ್ತದೆ. ಪೊರೆ ದಾಟಲಾಗದ ಪ್ರೋಟೀನುಗಳು ಮೊದಲೇ ಒಳಗಿವೆ. ಒಟ್ಟು ಕಣಗಳ ಸಂಖ್ಯೆ ಏರಿತು, ಆಮೇಲೆ ನೀರು ಬಂತು.

ಇದು ನಿಜವಾಗಿ ಅರ್ಥವಾಗಿದೆಯಾ ಅಂತ ನೋಡಲು ಜೊತೆಗೆ ಇನ್ನೊಂದು ಸಾಲು ಸೇರಿಸುತ್ತೇನೆ: "ಹೊರಗಿನ ದ್ರಾವಣದಲ್ಲಿ ಕ್ಲೋರೈಡ್ ಬದಲು ಪೊರೆ ದಾಟಲಾಗದ ಋಣ ಅಯಾನು ಇದ್ದರೆ?" ಉಬ್ಬುವುದಿಲ್ಲ, ಸೋಡಿಯಂ ಮತ್ತು ಪೊಟ್ಯಾಸಿಯಂ ಅದಲುಬದಲಾಗುತ್ತವೆ ಅಷ್ಟೇ ಅಂತ ಬರೆದವರಿಗೆ ಪೂರ್ತಿ ಅಂಕ.