ಲಿಂಕ್ಡ್‌ಇನ್ ಅಬೌಟ್: ಮೊದಲ ಸಾಲು ಒಮ್ಮೆ ನೋಡಿಕೊಳ್ಳಿ

ಫ್ರೆಶರ್‌ಗಳೇ, ನಿಮ್ಮ ಅಬೌಟ್‌ನಲ್ಲಿ ‘ಐ ಆ್ಯಮ್ ಕಂಪ್ಲೀಟೆಡ್ ಮೈ ಬಿ.ಇ. ಇನ್ 2025’ ಅಂತ ಇದೆಯಾ? ‘ಆ್ಯಮ್’ ತೆಗೆಯಿರಿ. ಅದರ ಜಾಗಕ್ಕೆ ‘ಹ್ಯಾವ್’ ಹಾಕಿದರೂ ತಪ್ಪೇ. ಮುಗಿದ ವರ್ಷ ಹೇಳಿದ ಮೇಲೆ ಬರೀ ‘ಐ ಕಂಪ್ಲೀಟೆಡ್’ ಸಾಕು. ವರ್ಷ ಬರೆಯದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್’ ಸರಿ.

ಇಲ್ಲಿ ಪ್ರತಿ ಪದದ ಸ್ಪೆಲ್ಲಿಂಗೂ ಸರಿ ಇರುವುದರಿಂದ ಸ್ಪೆಲ್ ಚೆಕ್ ಕೆಂಪು ಗೆರೆ ಹಾಕುವುದಿಲ್ಲ. ಜೋರಾಗಿ ಓದಿ, ಪ್ರತಿ ವಾಕ್ಯದ ಕ್ರಿಯಾಪದ ಹುಡುಕಿ. ‘ಹ್ಯಾವಿಂಗ್ ಗುಡ್ ನಾಲೆಡ್ಜ್ ಇನ್ ಜಾವಾ’ ಅನ್ನುವುದರಲ್ಲಿ ಕರ್ತೃವೂ ಇಲ್ಲ, ಪೂರ್ತಿ ಕ್ರಿಯಾಪದವೂ ಇಲ್ಲ. ಸುಮ್ನೆ ‘ಐ ಬಿಲ್ಟ್ ಎ ಲೈಬ್ರರಿ ಆ್ಯಪ್ ಇನ್ ಜಾವಾ’ ಅನ್ನಿ. ವ್ಯಾಕರಣವೂ ಸರಿಹೋಗುತ್ತದೆ, ಮಾಡಿದ ಕೆಲಸವೂ ಕಾಣುತ್ತದೆ, ಅಲ್ವಾ? (ಆ್ಯಪ್ ನಿಜವಾಗಿ ಮಾಡಿದ್ದರೆ ಮಾತ್ರ! ಸಂದರ್ಶನದಲ್ಲಿ ಕೇಳುತ್ತಾರೆ.)