ಒಬ್ಬರು ಬಂದರು, ಸರಾಸರಿ ಏರಿತು: ಬಂದವರ ವಯಸ್ಸೆಷ್ಟು?

ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್, ರೈಲ್ವೆ ಹೀಗೆ ಯಾವ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ತೆಗೆದರೂ ಈ ಲೆಕ್ಕ ಕಣ್ಣಿಗೆ ಬೀಳುತ್ತದೆ. ತರಗತಿಯಲ್ಲಿ 24 ಮಕ್ಕಳು, ಅವರ ಸರಾಸರಿ ವಯಸ್ಸು 14. ಟೀಚರ್ ವಯಸ್ಸನ್ನೂ ಸೇರಿಸಿದರೆ ಸರಾಸರಿ 15 ಆಗುತ್ತದೆ. ಟೀಚರ್‌ಗೆ ಎಷ್ಟು ವಯಸ್ಸು?

ಶಾಲೆಯಲ್ಲಿ ಕಲಿತ ದಾರಿ ಎಲ್ಲರಿಗೂ ಗೊತ್ತು. ಮೊದಲಿನ ಒಟ್ಟು 24 × 14 = 336. ಈಗಿನ ಒಟ್ಟು 25 × 15 = 375. ಕಳೆದರೆ 39. ಉತ್ತರ ಸರಿ, ಆದರೆ ಎರಡು ಗುಣಾಕಾರ, ಒಂದು ವ್ಯವಕಲನ. ಸರಾಸರಿ 14.6 ಎಂದೇನಾದರೂ ಕೊಟ್ಟರೆ ಇನ್ನೂ ತಲೆನೋವು.

ಒಟ್ಟು ಮೊತ್ತವನ್ನು ಮುಟ್ಟದೆಯೂ ಇದನ್ನು ಮಾಡಬಹುದು. ಟೀಚರ್ ಬಂದ ಮೇಲೆ ಎಲ್ಲರ ಪಾಲಿಗೂ 15 ಬರಬೇಕು. ಹಾಗಾಗಿ ಟೀಚರ್ ಮೊದಲು ತಮಗೆ 15 ಇಟ್ಟುಕೊಳ್ಳುತ್ತಾರೆ. 14ರಲ್ಲಿದ್ದ 24 ಮಕ್ಕಳಿಗೆ ತಲಾ 1 ಕೊಡುತ್ತಾರೆ. 15 + 24 = 39. ಮುಗಿಯಿತು. ಸೂತ್ರವೇ ಬೇಕು ಅನ್ನುವವರಿಗೆ:

ಬಂದವರ ವಯಸ್ಸು = ಹೊಸ ಸರಾಸರಿ + (ಮೊದಲಿದ್ದವರ ಸಂಖ್ಯೆ × ಏರಿಕೆ)

ಒಬ್ಬರು ಬಂದ ಮೇಲೆ ಸರಾಸರಿ ಇಳಿದಿದ್ದರೆ ಕೂಡುವ ಬದಲು ಕಳೆಯಿರಿ, ಅಷ್ಟೇ.

ಹೆಚ್ಚಿನವರು ಎಡವುವುದು ಒಂದೇ ಕಡೆ. ಹಳೇ ಸರಾಸರಿಯಿಂದ ಹೊರಟರೆ 25ರಿಂದ ಗುಣಿಸಬೇಕು: 14 + 25 = 39. ಹೊಸ ಸರಾಸರಿಯಿಂದ ಹೊರಟರೆ 24ರಿಂದ. ಎರಡನ್ನೂ ಬೆರೆಸಿದರೆ 38 ಅಥವಾ 40 ಬರುತ್ತದೆ. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆಯ್ಕೆಗಳಲ್ಲಿ 38, 39, 40 ಅಕ್ಕಪಕ್ಕ ಕೂತಿದ್ದರೆ ಅದು ಸುಮ್ನೆ ಅಲ್ಲ. ಅದಕ್ಕೇ ಯಾರಾದರೂ ಬಂದಾಗ ಹೊಸ ಸರಾಸರಿಯಿಂದಲೇ ಹೊರಡುವ ರೂಢಿ ಮಾಡಿಕೊಳ್ಳಿ. ಆಗ ಗುಣಿಸಬೇಕಾದದ್ದು ಬಂದವರನ್ನು ಬಿಟ್ಟು ಉಳಿದವರ ಸಂಖ್ಯೆಯಿಂದ ಎಂಬುದು ತಾನಾಗಿ ನೆನಪಾಗುತ್ತದೆ.

ಇನ್ನು ಯಾರಾದರೂ ಹೊರಟಾಗ. ಒಂದು ಕಚೇರಿಯಲ್ಲಿ 10 ಜನ, ಸರಾಸರಿ 42. ಒಬ್ಬರು ನಿವೃತ್ತರಾದ ಮೇಲೆ ಉಳಿದವರ ಸರಾಸರಿ 40ಕ್ಕೆ ಇಳಿಯಿತು. ಹೋದವರು ತಮ್ಮ 42ನ್ನು ತೆಗೆದುಕೊಂಡು ಹೋದದ್ದಲ್ಲದೆ, ಉಳಿದ 9 ಜನರಿಂದಲೂ ತಲಾ 2 ಒಯ್ದಿದ್ದಾರೆ. 42 + 18 = 60. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸೂ ಅದೇ ಅಲ್ವಾ! ಇಲ್ಲಿ ಹೊರಟದ್ದು ಹಳೇ ಸರಾಸರಿಯಿಂದ, ಏಕೆಂದರೆ ಹೋದವರು ಇದ್ದದ್ದು ಹಳೇ ಗುಂಪಿನಲ್ಲಿ. ಆ ವ್ಯಕ್ತಿ ಯಾವ ಗುಂಪಿನಲ್ಲಿ ಇದ್ದಾರೋ ಆ ಗುಂಪಿನ ಸರಾಸರಿ ಹಿಡಿಯಿರಿ, ಗುಣಿಸುವುದು ಮಾತ್ರ ಉಳಿದವರ ಸಂಖ್ಯೆಯಿಂದ. ಬರುವುದಕ್ಕೂ ಹೋಗುವುದಕ್ಕೂ ಇದೊಂದೇ ನಿಯಮ ಸಾಕು.

ಒಬ್ಬರು ಹೋಗಿ ಅವರ ಜಾಗಕ್ಕೆ ಇನ್ನೊಬ್ಬರು ಬಂದರೆ ಇನ್ನೂ ಸುಲಭ. ಜನರ ಸಂಖ್ಯೆ ಬದಲಾಗುವುದಿಲ್ಲವಲ್ಲ. ಅದೇ ಕಚೇರಿಗೆ 60ರವರ ಬದಲು 24ರ ಹುಡುಗಿ ಬಂದಳು ಅನ್ನಿ. ವ್ಯತ್ಯಾಸ 36. ಅದನ್ನು 10 ಜನರಿಗೂ ಹಂಚಿದರೆ 3.6. ಸರಾಸರಿ 42ರಿಂದ 38.4ಕ್ಕೆ ಇಳಿಯುತ್ತದೆ.

ಇಷ್ಟೂ ಲೆಕ್ಕದಲ್ಲಿ ಉಳಿದವರ ವಯಸ್ಸು ಬದಲಾಗಿಲ್ಲ ಎಂದುಕೊಂಡಿದ್ದೇವೆ. ಪ್ರಶ್ನೆಯಲ್ಲಿ ‘ವರ್ಷಗಳ ಹಿಂದೆ’ ಎಂಬ ಮಾತು ಕಂಡರೆ ಆ ನಂಬಿಕೆ ಕೈಕೊಡುತ್ತದೆ.

ಒಂದು ಮನೆ. 4 ವರ್ಷಗಳ ಹಿಂದೆ ಅಲ್ಲಿದ್ದ ನಾಲ್ವರ ಸರಾಸರಿ ವಯಸ್ಸು 24. ಆಮೇಲೆ ಒಂದು ಮಗು ಹುಟ್ಟಿತು. ಈಗ ಐವರ ಸರಾಸರಿ 23. ಮಗುವಿಗೆ ಎಷ್ಟು ವರ್ಷ? ಅವಸರದಲ್ಲಿ 24ರಿಂದ 23ಕ್ಕೆ ಇಳಿಕೆ 1 ಎಂದು ಹಿಡಿದರೆ 23 – 4 = 19 ಬರುತ್ತದೆ. ನಾಲ್ಕು ವರ್ಷದೊಳಗೆ ಹುಟ್ಟಿದ ಮಗುವಿಗೆ 19 ವರ್ಷ!

ಮೊದಲು ನಾಲ್ವರನ್ನೂ ಇವತ್ತಿಗೆ ಕರೆತನ್ನಿ. ನಾಲ್ಕು ವರ್ಷದಲ್ಲಿ ಪ್ರತಿಯೊಬ್ಬರಿಗೂ 4 ವರ್ಷ ಜಾಸ್ತಿಯಾಗಿದೆ, ಹಾಗಾಗಿ ಅವರ ಸರಾಸರಿಯೂ 4 ಏರಿ 28 ಆಗಿದೆ. ಈಗ 28ರಿಂದ 23ಕ್ಕೆ ನಿಜವಾದ ಇಳಿಕೆ 5. ಮಗುವಿನ ವಯಸ್ಸು 23 – (4 × 5) = 3. ಒಟ್ಟು ಹಾಕಿ ನೋಡಿದರೂ ಅಷ್ಟೇ: 115 – 112 = 3. ಇಂಥ ಲೆಕ್ಕದಲ್ಲಿ ಮಗುವಿನ ವಯಸ್ಸು ಸೊನ್ನೆಗಿಂತ ಕೆಳಗೆ ಬಂದರೆ, ಅಥವಾ ಕೊಟ್ಟ ವರ್ಷಗಳನ್ನು ಮೀರಿದರೆ, ಉತ್ತರ ಗುರುತು ಹಾಕಬೇಡಿ. ಹಳೇ ಸರಾಸರಿಯನ್ನು ಇವತ್ತಿಗೆ ತಂದಿದ್ದೀರಾ ಎಂದು ಮೊದಲು ನೋಡಿ.